ರಾಫ್ಟರ್ ಶೀಟಿನ ನಾಲ್ಕನೇ ಟಿಪ್ಪಣಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಸಿಟ್ಟಿನ ಕೈಗೆ ಒಂದು ಕೆಂಪು ಪೆನ್ನು ಮತ್ತು ಮೂರು ಠಸ್ಸೆ ಕೊಟ್ಟು ಕುರ್ಚಿಯ ಮೇಲೆ ಕೂಡಿಸಿದರೆ ಏನಾಗುತ್ತದೆ ಎಂಬುದು ಮನೆಯವರಿಗೆ ಗೊತ್ತಿಲ್ಲ. ಅದು ಅಫಜಲಪುರದ ಒಬ್ಬ ಹಿರಿಯರಿಗೂ ಆಳಂದದ ಒಬ್ಬ ಹೆಣ್ಣುಮಗಳಿಗೂ ಗೊತ್ತು. ಬರೆದರೆ ಮನಸ್ಸು ಹಗುರಾದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿಲ್ಲ. ಹಗುರಾಗುವುದಿಲ್ಲ ಎಂದು ಈಗಾಗಲೇ ನೋಡಿಯಾಗಿದೆ.

ಎರಡು ವರ್ಷದ ಹಿಂದಿನ ಮಾತು. ಜೇವರ್ಗಿಯ ಹೊರಗೆ, ವಿಜಯಪುರದ ರಸ್ತೆಗೆ ಹತ್ತಿ, ಒಬ್ಬ ವ್ಯಾಪಾರಸ್ಥರು ತೊಗರಿ ಇಡಲು ದೊಡ್ಡ ಗೋದಾಮು ಕಟ್ಟಿಸುತ್ತಿದ್ದರು. ಉಕ್ಕಿನ ಕಂಬ, ಉಕ್ಕಿನ ತೊಲೆ, ಮೇಲೆ ತಗಡು. ವಿನ್ಯಾಸ ನಮ್ಮ ಕಚೇರಿಯದು. ಜಾಗದ ಪಕ್ಕದಲ್ಲೇ ಎರಡು ಕೋಣೆ ಬಾಡಿಗೆಗೆ ಹಿಡಿದು ನನ್ನನ್ನು ಅಲ್ಲಿ ಕೂಡಿಸಿದ್ದರು. ನನ್ನ ಕೆಲಸ ಇಷ್ಟೇ: ಉಕ್ಕು ಕತ್ತರಿಸಿ ಬೆಸುಗೆ ಹಾಕುವ ಕಾರ್ಖಾನೆಯವರು ಪ್ರತಿಯೊಂದು ತುಂಡಿಗೂ ಒಂದೊಂದು ಶಾಪ್ ಡ್ರಾಯಿಂಗ್ ಬರೆಸಿ ಕಳಿಸುತ್ತಾರೆ. ಎಷ್ಟು ಉದ್ದ, ಎಲ್ಲಿ ರಂಧ್ರ, ಎಷ್ಟು ದಪ್ಪದ ಬೆಸುಗೆ, ಎಲ್ಲವೂ ಅದರಲ್ಲಿರುತ್ತದೆ. ಅದನ್ನು ನಮ್ಮ ವಿನ್ಯಾಸದ ಡ್ರಾಯಿಂಗ್ ಜೊತೆ ಹೋಲಿಸಿ ನಾನು ಠಸ್ಸೆ ಹಾಕಬೇಕು. ಮೊದಲನೆಯ ಠಸ್ಸೆ 'ಅಪ್ರೂವ್ಡ್': ಇದ್ದಂತೆಯೇ ಕತ್ತರಿಸಿ. ಎರಡನೆಯದು 'ಅಪ್ರೂವ್ಡ್ ಆ್ಯಸ್ ನೋಟೆಡ್': ಕೆಂಪಿನಲ್ಲಿ ಬರೆದದ್ದನ್ನು ತಿದ್ದಿಕೊಂಡು ಕತ್ತರಿಸಿ. ಮೂರನೆಯದು 'ರಿಜೆಕ್ಟೆಡ್': ಏನೂ ಕತ್ತರಿಸಬೇಡಿ, ಸರಿ ಮಾಡಿ ಮತ್ತೆ ಕಳಿಸಿ. ಮೂರನೆಯದಕ್ಕೆ ಕಾರಣ ಬರೆಯಲೇಬೇಕು.

ಕಾರಣ ಬರೆಯುವುದೆಂದರೆ ನನಗೆ ಹಬ್ಬ. ಸುಳ್ಳೇಕೆ ಹೇಳಲಿ, ಅಪ್ರೂವ್ಡ್ ಠಸ್ಸೆ ಒತ್ತುವಾಗ ಕೈಗೆ ಏನೂ ಅನ್ನಿಸುತ್ತಿರಲಿಲ್ಲ. ತಿರಸ್ಕರಿಸುವಾಗ ಮಾತ್ರ ಬೆನ್ನು ನೆಟ್ಟಗಾಗುತ್ತಿತ್ತು. ಒಮ್ಮೆ ಕಂಬಗಳ ನಡುವಿನ ಅಡ್ಡಬಿಗಿಯ ಡ್ರಾಯಿಂಗ್ ಶೀಟು ಬಂತು. ಓರೆ ಪಟ್ಟಿಗಳ ಮಧ್ಯರೇಖೆಗಳು ಕಂಬದ ಮಧ್ಯರೇಖೆಯ ಮೇಲೆ ಒಂದೇ ಬಿಂದುವಿನಲ್ಲಿ ಕೂಡುತ್ತಿರಲಿಲ್ಲ. ಇನ್ನೊಂದರಲ್ಲಿ ಎರಡು ಬೇರೆ ಬೇರೆ ತುಂಡಿಗೆ ಒಂದೇ ಗುರುತಿನ ಸಂಖ್ಯೆ ಬಿದ್ದಿತ್ತು. ಎರಡೂ ನ್ಯಾಯವಾದ ಕಾರಣಗಳೇ. ಆದರೆ ನಾನು ಕಾರಣದ ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆಯುತ್ತಿದ್ದೆ: ಕಳಿಸುವ ಮುಂಚೆ ಒಂದು ಸಲ ಕಣ್ಣು ತೆರೆದು ನೋಡಿ. ಆ ಸಾಲಿನ ಅಗತ್ಯ ಯಾವ ಕೋಡ್ ಪುಸ್ತಕದಲ್ಲೂ ಇಲ್ಲ.

ಕಾರ್ಖಾನೆ ಅಫಜಲಪುರದಲ್ಲಿತ್ತು. ಅದರ ಯಜಮಾನರು ಅತನೂರ ಕಡೆಯ ಒಕ್ಕಲು ಮನೆತನದವರು, ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಇಪ್ಪತ್ತು ವರ್ಷ ದುಡಿದು ಆಮೇಲೆ ಸ್ವಂತ ಶೆಡ್ ಹಾಕಿದವರು. ನನಗಿಂತ ಹತ್ತು ವರ್ಷ ದೊಡ್ಡವರು. ಆದರೂ ನನ್ನನ್ನು ಸಾಹೇಬ್ರ ಎಂದೇ ಕರೆಯುತ್ತಿದ್ದರು. ಕೈಯಿಂದ ಮುಟ್ಟಿ ಪ್ಲೇಟಿನ ದಪ್ಪ ಹೇಳುವ ಮನುಷ್ಯ. ಮೊದಮೊದಲು ಒಂದು ಬೆಸುಗೆಯ ಗುರುತಿನ ಬಗ್ಗೆ ಫೋನ್ ಮಾಡಿ, ಇಲ್ಲಿ ಒಳಗಡೆ ಎಲೆಕ್ಟ್ರೋಡ್ ಹೋಗಲಿಕ್ಕೆ ಜಾಗ ಇಲ್ಲವಲ್ಲ ಎಂದು ಕೇಳಿದ್ದರು. ಎಂಜಿನಿಯರ್ ನಾನೋ ನೀವೋ ಎಂದು ನಾನು ಕೇಳಿದೆ. ಅವರು ನಕ್ಕು, ನೀವ ಬಿಡ್ರಿ ಸಾಹೇಬ್ರ ಎಂದು ಫೋನ್ ಇಟ್ಟರು. ಆಮೇಲೆ ಅವರು ಒಮ್ಮೆಯೂ ಏನೂ ಕೇಳಲಿಲ್ಲ. ಅದನ್ನು ನಾನು ಶಿಸ್ತು ಎಂದುಕೊಂಡೆ.

ಡ್ರಾಯಿಂಗ್ ಬರೆಯುತ್ತಿದ್ದವಳು ಆಳಂದದ ಹುಡುಗಿ. ಜಿಡಗಾ ಹತ್ತಿರದ ಒಕ್ಕಲಿಗರ ಮನೆಯವಳು, ಡಿಪ್ಲೊಮಾ ಓದಿದ್ದಳು. ಬಸ್ ನಿಲ್ದಾಣದ ಹತ್ತಿರ ಒಂದು ಮಾಳಿಗೆಯ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಳು. ಕಿಟಕಿ ಬಾಗಿಲಿನ ಸಣ್ಣ ಪುಟ್ಟ ಕೆಲಸ ಬಿಟ್ಟರೆ ಇದೇ ಅವಳ ಮೊದಲ ದೊಡ್ಡ ಕೆಲಸ. ಇದು ಸರಿಯಾದರೆ ಅದೇ ವ್ಯಾಪಾರಸ್ಥರು ಆಳಂದದಲ್ಲಿ ಕಟ್ಟುವ ಎರಡನೇ ಗೋದಾಮಿನ ಡ್ರಾಯಿಂಗೂ ಅವಳಿಗೇ ಎಂದು ಮಾತಾಗಿತ್ತು. ಆ ಭರವಸೆಯ ಮೇಲೆ ಕಂಪ್ಯೂಟರ್ ಕಲಿಸುವ ಶಾಲೆಯ ನೌಕರಿ ಬಿಟ್ಟಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿದ್ದರೆ ಚೆನ್ನಾಗಿತ್ತು.

ಅವಳಿಗೆ ಒಂದು ಚಾಳಿ ಇತ್ತು, ಕೇಳುವುದು. ಪ್ರತಿ ಸಲ ಶೀಟುಗಳ ಜೊತೆ ಒಂದು ಹಾಳೆ ಪ್ರಶ್ನೆ ಬರುತ್ತಿತ್ತು. ನಿಮ್ಮ ಡ್ರಾಯಿಂಗಿನಲ್ಲಿ ತಗಡು ಹೊರುವ ಪರ್ಲಿನ್‌ಗಳ ಅಂತರ ಒಂದು ಕಡೆ ಹಿಂಗಿದೆ, ಇನ್ನೊಂದು ಕಡೆ ಹಂಗಿದೆ, ಯಾವುದು ಹಿಡಿಯಲಿ? ಬುನಾದಿಯ ಬೋಲ್ಟು ಇಷ್ಟು ಮೇಲೆ ಬಂದರೆ ನಟ್ಟಿಗೆ ಜಾಗ ಸಾಲುತ್ತದೆಯೆ? ಹತ್ತರಲ್ಲಿ ಏಳು ಪ್ರಶ್ನೆ ಸರಿಯಾಗಿಯೇ ಇರುತ್ತಿದ್ದವು, ನನಗೆ ಉರಿಯುತ್ತಿದ್ದುದೂ ಅದಕ್ಕೇ. ನಿನ್ನೆ ಮೊನ್ನೆ ಡಿಪ್ಲೊಮಾ ಮುಗಿಸಿದವಳು ನಮ್ಮ ಕಚೇರಿಯ ತಪ್ಪು ಹುಡುಕುತ್ತಾಳಲ್ಲ ಎಂದು ಹಲ್ಲು ಕಡಿಯುತ್ತಿದ್ದೆ. ಹೊರಗೆ ಮಾತ್ರ, ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ನೋಡು ಎಂದು ಚಹಾ ತರುವವನ ಮುಂದೆ ಹೇಳುತ್ತಿದ್ದೆ.

ಈಗ ತಪ್ಪಿನ ವಿಷಯ. ಕಂಬದ ಮೇಲ್ತುದಿಗೆ ಇಳಿಜಾರಿನ ತೊಲೆ, ಅಂದರೆ ರಾಫ್ಟರ್, ಬಂದು ಕೂಡುತ್ತದೆ. ರಾಫ್ಟರಿನ ತುದಿಗೆ ಒಂದು ದಪ್ಪ ಪ್ಲೇಟು ಬೆಸೆದಿರುತ್ತಾರೆ. ಅದರಲ್ಲಿ ಬೋಲ್ಟಿನ ರಂಧ್ರಗಳು ಎರಡು ಸಾಲು. ಕಂಬದ ಮೈಯಲ್ಲೂ ಅದೇ ಎರಡು ಸಾಲು. ಸಾಲಿನಿಂದ ಸಾಲಿಗೆ ಇರುವ ಅಡ್ಡ ಅಂತರವನ್ನು ಗೇಜ್ ಎನ್ನುತ್ತೇವೆ. ಎರಡೂ ಕಡೆ ಗೇಜ್ ಒಂದೇ ಇರಬೇಕು, ಇದನ್ನು ಮಗುವಿಗೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಮೊದಲ ವಿನ್ಯಾಸದಲ್ಲಿ ಕಂಬದ ಮೈ ಇನ್ನೂರೈವತ್ತು ಮಿಲಿಮೀಟರ್ ಅಗಲ, ಗೇಜ್ ನೂರಾ ನಲವತ್ತು. ಆಮೇಲೆ ಕಂಬದ ಅಗಲವನ್ನು ಇನ್ನೂರಕ್ಕೆ ಇಳಿಸಿದೆವು. ಆಗ ನೂರಾ ನಲವತ್ತೇ ಇಟ್ಟರೆ ರಂಧ್ರದ ನಡುವಿನಿಂದ ಅಂಚಿಗೆ ಮೂವತ್ತು ಮಾತ್ರ ಉಳಿಯುತ್ತದೆ. ನಮ್ಮದು ಇಪ್ಪತ್ನಾಲ್ಕರ ಬೋಲ್ಟು, ಇಪ್ಪತ್ತಾರರ ರಂಧ್ರ. ಯಂತ್ರದಿಂದ ಕತ್ತರಿಸಿದ ಅಂಚಿಗೂ ಕನಿಷ್ಠ ಮೂವತ್ತೊಂಬತ್ತು ಬೇಕು. ಅದಕ್ಕೇ ತಿದ್ದಿದ ಡ್ರಾಯಿಂಗಿನಲ್ಲಿ ಗೇಜ್ ನೂರಾ ಇಪ್ಪತ್ತು ಮಾಡಿದ್ದೆವು. ತಿದ್ದಿದ ಪ್ರತಿ ಅವಳ ಹತ್ತಿರ ಇತ್ತು. ನನ್ನ ಕಂಪ್ಯೂಟರಿನಲ್ಲೂ ಇತ್ತು. ಆದರೆ ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದು ಮಾತ್ರ ಹಳೆಯ ಪ್ರತಿ.

ಕಂಬದ ಶೀಟುಗಳು ಮೊದಲು ಬಂದವು. ಅವನ್ನು ಕಂಪ್ಯೂಟರಿನಲ್ಲಿ ಹೊಸ ಪ್ರತಿ ತೆರೆದುಕೊಂಡೇ ನೋಡಿ ಅಪ್ರೂವ್ಡ್ ಎಂದು ಒತ್ತಿದ್ದೆ. ಅಫಜಲಪುರದಲ್ಲಿ ಮೂವತ್ತೆರಡು ಕಂಬ ತಯಾರಾಗಿ, ಬಣ್ಣ ಹಚ್ಚಿಸಿಕೊಂಡು, ಗಡಿಬಿಡಿಯಲ್ಲಿ ಜೇವರ್ಗಿಗೂ ಬಂದವು. ಮೂರು ವಾರದ ಮೇಲೆ ರಾಫ್ಟರಿನ ಶೀಟು ಬಂತು. ಆ ದಿನ ಕರೆಂಟ್ ಇರಲಿಲ್ಲ. ಪ್ರಿಂಟ್ ಹಿಡಿದು ಗೋಡೆ ನೋಡಿದೆ. ಗೋಡೆಯ ಮೇಲೆ ನೂರಾ ನಲವತ್ತು, ಅವಳ ಶೀಟಿನಲ್ಲಿ ನೂರಾ ಇಪ್ಪತ್ತು. ಸಿಕ್ಕಿಬಿದ್ದಳು ಎಂದು ಖುಷಿಯಾಯಿತು. ಹೌದು, ಖುಷಿಯೇ. ನಾಲ್ಕನೇ ಟಿಪ್ಪಣಿಯಾಗಿ ಕೆಂಪಿನಲ್ಲಿ ಬರೆದೆ: ವಿನ್ಯಾಸದಂತೆ ಗೇಜ್ ನೂರಾ ನಲವತ್ತು ಮಾಡಿ. ಕೆಳಗೆ ಎರಡನೆಯ ಠಸ್ಸೆ ಒತ್ತಿದೆ.

ಮರುದಿನ ಅವಳ ಮೇಲ್ ಬಂತು. ಕಲಬುರಗಿಯಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಅದರ ಮೊದಲ ಸಾಲು ನೋಡಿದೆ, ನಾಲ್ಕನೇ ಟಿಪ್ಪಣಿ ದಯವಿಟ್ಟು ಇನ್ನೊಮ್ಮೆ ಖಚಿತಪಡಿಸಿ ಎಂದಿತ್ತು. ಮೈಯೆಲ್ಲ ಉರಿದುಹೋಯಿತು. ಉಳಿದದ್ದನ್ನು ಓದಲೇ ಇಲ್ಲ. ಟಿಪ್ಪಣಿಯಂತೆ ಮಾಡಿ, ಅನಗತ್ಯ ಪ್ರಶ್ನೆ ಬೇಡ ಎಂದು ಬೆರಳಿನಿಂದ ಒತ್ತಿ ಕಳಿಸಿಬಿಟ್ಟೆ. ಒಂದು ಕೈಯಲ್ಲಿ ಬಸ್ಸಿನ ಸರಳು ಹಿಡಿದಿದ್ದೆ, ಇನ್ನೊಂದರಲ್ಲಿ ಮೂವತ್ತೆರಡು ರಾಫ್ಟರ್ ಕೆಡಿಸಿದೆ.

ರಾಫ್ಟರ್ ಏರಿಸುವ ದಿನ ಬೆಳಿಗ್ಗೆ ಎಲ್ಲರೂ ಇದ್ದರು. ವ್ಯಾಪಾರಸ್ಥರ ಪರವಾಗಿ ಕೆಲಸ ನೋಡಿಕೊಳ್ಳುವ ಮ್ಯಾನೇಜರ್ ತೆಂಗಿನಕಾಯಿ ಒಡೆಸಿದರು. ಅಫಜಲಪುರದ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕ್ರೇನ್ ಮೊದಲ ರಾಫ್ಟರ್ ಎತ್ತಿತು. ಮೇಲೆ ಕಂಬದ ತಲೆಯ ಹತ್ತಿರ ಕೂತ ಇಬ್ಬರು ಸಲಾಕೆ ತೂರಿಸಿ ರಂಧ್ರ ಹೊಂದಿಸಲು ನೋಡಿದರು. ಆಗಲಿಲ್ಲ. ಬಲಗಡೆಯ ಸಾಲಿಗೆ ಬೋಲ್ಟು ಹೋದರೆ ಎಡಗಡೆಯದಕ್ಕೆ ಹೋಗದು. ಕೆಳಗಿನಿಂದ ನೋಡುತ್ತಿದ್ದ ನಾನು, ಸರಿಯಾಗಿ ಹಿಡೀರಿ ಎಂದು ಒದರಿದೆ. ಅರ್ಧ ಗಂಟೆ ಗುದ್ದಾಡಿ ರಾಫ್ಟರನ್ನು ಮತ್ತೆ ನೆಲಕ್ಕಿಳಿಸಿದರು. ಯಜಮಾನರು ತಾವೇ ಟೇಪು ಹಿಡಿದು ಅಳೆದರು. ನೂರಾ ನಲವತ್ತು. ಪಕ್ಕದಲ್ಲಿ ಇನ್ನೂ ನಿಲ್ಲಿಸದೆ ಮಲಗಿಸಿದ್ದ ಕಂಬವನ್ನು ಅಳೆದರು. ನೂರಾ ಇಪ್ಪತ್ತು.

ನೂರಾ ನಲವತ್ತು ಎಂಬ ಮಾತು ಕಿವಿಗೆ ಬಿದ್ದೊಡನೆ ಗೋಡೆ ನೆನಪಾಯಿತು, ಬಸ್ಸು ನೆನಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನನ್ನ ಕೈ ತಾನಾಗಿ ಕಿಸೆಯೊಳಗಿನ ಫೋನಿನ ಮೇಲೆ ಹೋಯಿತು.

ಮ್ಯಾನೇಜರ್ ಇದು ಯಾರ ತಪ್ಪು ಎಂದು ಕೇಳಿದರು. ಯಜಮಾನರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಟೇಪು ಸುತ್ತುತ್ತ, ನನ್ನ ಕಡೆ ನೋಡದೆ ಹೇಳಿದರು:

"ಗಲ್ತಿ ನಮ್ದ ಆಗ್ಯಾದರಿ. ಸರಿ ಮಾಡಿ ಕೊಡ್ತೇವ್ರಿ."

ನಮ್ಮ ಕಡೆಯ ಹಿರಿಯರ ರೀತಿಯೇ ಹಾಗೆ. ನಾಲ್ಕು ಮಂದಿಯ ಮುಂದೆ ಒಬ್ಬರ ಮಾನ ತೆಗೆಯಬಾರದು, ಕಾಗದದ ಮೇಲೆ ಆಮೇಲೆ ಅವರೇ ಸರಿಮಾಡುತ್ತಾರೆ ಎಂಬ ನಂಬಿಕೆ. ಅವರು ನನಗೆ ಒಂದು ದಿನದ ಸಮಯ ಕೊಟ್ಟಿದ್ದರು. ನಾನು ಅದನ್ನು ಮಾಫಿ ಎಂದು ತಿಳಿದುಕೊಂಡೆ. ಸುಮ್ಮನಿದ್ದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮ್ಯಾನೇಜರ್, ಡ್ರಾಯಿಂಗ್ ಬರೆದದ್ದು ಆ ಆಳಂದದ ಹುಡುಗಿಯಲ್ಲವೆ ಎಂದು ಮತ್ತೆ ಕೇಳಿದಾಗ ಯಜಮಾನರು ತಡವರಿಸಿದರು. ಆಗ ಬಾಯಿ ತೆರೆದವನು ನಾನು.

"ಡ್ರಾಯಿಂಗ್ ಬರೆಯೋರು ಎರಡೂ ಶೀಟು ತಾಳೆ ನೋಡಬೇಕಿತ್ತು" ಎಂದೆ.

ತೀರಾ ಸುಳ್ಳಲ್ಲ. ನಮ್ಮ ಠಸ್ಸೆಯ ಕೆಳಗೆ ಸಣ್ಣಕ್ಷರದಲ್ಲಿ ಅದೇ ಇರುತ್ತದೆ: ಈ ಅನುಮೋದನೆಯಿಂದ ಅಳತೆ ಮತ್ತು ಜೋಡಣೆಯ ಹೊಣೆ ತಯಾರಕರಿಂದ ಕಳಚುವುದಿಲ್ಲ. ಆ ಸಣ್ಣಕ್ಷರದ ಹಿಂದೆ ಐವತ್ತು ದಾಟಿದ ಮನುಷ್ಯ ಅಡಗಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಬರೆ ಎಳೆದದ್ದು ನಾನೇ. ಮ್ಯಾನೇಜರ್ ಅಲ್ಲೇ ನಿಂತು ಹೇಳಿದರು, ಆ ಹುಡುಗಿ ಇನ್ನು ಬೇಡ, ಆಳಂದದ ಗೋದಾಮಿಗೆ ಬೇರೆಯವರನ್ನು ನೋಡಿ, ಹಾಗೆಂದು ನಾನೇ ಕಾಗದ ಕೊಡುತ್ತೇನೆ ಎಂದು. ಯಜಮಾನರು ತಲೆ ತಗ್ಗಿಸಿ ನಿಂತರು. ನಾನು ಸಂಜೆ ವರದಿ ಬರೆದೆ: ಕಂಬ ಮತ್ತು ರಾಫ್ಟರ್ ಜೋಡಣೆಯಲ್ಲಿ ಡ್ರಾಯಿಂಗ್ ವ್ಯತ್ಯಾಸ, ತಯಾರಕರು ಸರಿಪಡಿಸತಕ್ಕದ್ದು. ವ್ಯತ್ಯಾಸ ಹೇಗೆ ಬಂತು ಎಂಬುದನ್ನು ಬರೆಯಲಿಲ್ಲ.

ಮೂರನೇ ದಿನ ಅವಳು ಜೇವರ್ಗಿಗೆ ಬಂದಳು. ಆಳಂದದಿಂದ ಕಲಬುರಗಿ, ಅಲ್ಲಿಂದ ಇಲ್ಲಿಗೆ, ಎರಡು ಬಸ್ಸು ಹತ್ತಿ. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಸಣ್ಣ ದೇಹ, ದೊಡ್ಡ ಕನ್ನಡಕ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಜಗಳಕ್ಕೆ ಬಂದಿದ್ದಾಳೆ ಎಂದು ನಾನು ಮೊದಲೇ ಹುಬ್ಬು ಗಂಟು ಹಾಕಿಕೊಂಡೆ. ಅವಳು ಜಗಳ ಆಡಲಿಲ್ಲ. ತನ್ನ ಮೇಲ್‌ನ ಪ್ರಿಂಟನ್ನು ಮೇಜಿನ ಮೇಲೆ ಇಟ್ಟಳು, ಅಷ್ಟೇ. ನಾನು ಓದದೆ ಬಿಟ್ಟಿದ್ದ ಸಾಲುಗಳು ಅದರಲ್ಲಿದ್ದವು. ತಿದ್ದಿದ ವಿನ್ಯಾಸದಲ್ಲಿ ಗೇಜ್ ನೂರಾ ಇಪ್ಪತ್ತು ಇದೆ. ನೂರಾ ನಲವತ್ತು ಮಾಡಿದರೆ ಅಂಚಿಗೆ ಮೂವತ್ತು ಮಾತ್ರ ಉಳಿಯುತ್ತದೆ. ನೀವು ಅಪ್ರೂವ್ ಮಾಡಿದ ಕಂಬದ ಶೀಟಿನಲ್ಲೂ ನೂರಾ ಇಪ್ಪತ್ತೇ ಇದೆ, ಕಂಬಗಳು ತಯಾರಾಗಿವೆ. ಅದರ ಕೆಳಗೆ ನನ್ನ ಉತ್ತರ.

ಪ್ರಿಂಟನ್ನು ಮ್ಯಾನೇಜರಿಗೆ ತೋರಿಸಿದ್ದೀಯಾ ಎಂದು ಕೇಳಿದೆ. ನೋಡಿ, ನನ್ನ ಬಾಯಿಂದ ಬಂದ ಮೊದಲ ಮಾತು ಅದು. ಇಲ್ಲ ಎಂದಳು. ಕಾಕಾ ಬೇಡ ಅಂದರಂತೆ, ಮೊದಲು ಸಾಹೇಬರಿಗೆ ತೋರಿಸು, ಅವರೇ ಹೇಳುತ್ತಾರೆ ಎಂದರಂತೆ. ಯಜಮಾನರನ್ನು ಅವಳು ಕಾಕಾ ಎನ್ನುತ್ತಿದ್ದಳು.

"ಸರ್, ಮ್ಯಾನೇಜರ್ ಸಾಹೇಬ್ರಿಗೆ ನೀವ ಒಂದ ಮಾತ ಹೇಳ್ರಿ. ನನಗ ಮತ್ತೇನೂ ಬ್ಯಾಡ್ರಿ" ಎಂದಳು.

ನಾನು ಚಹಾ ತರಿಸಿದೆ. ನೋಡೋಣ ಬಿಡು ತಂಗಿ, ಎಲ್ಲಾ ಸರಿ ಹೋಗುತ್ತದೆ ಎಂದೆ. ಅವಳು ಚಹಾ ಅರ್ಧ ಕುಡಿದು ಹೋದಳು. ನೋಡೋಣ ಎಂದವನು ನಾಲ್ಕು ದಿನ ನೋಡಲಿಲ್ಲ. ಪ್ರತಿ ದಿನ ಬೆಳಿಗ್ಗೆ ಮ್ಯಾನೇಜರಿಗೆ ಫೋನ್ ಮಾಡುತ್ತೇನೆ ಎಂದು ಏಳುತ್ತಿದ್ದೆ. ಊಟವಾದ ಮೇಲೆ ಮಾಡಿದರಾಯಿತು ಅನ್ನಿಸುತ್ತಿತ್ತು. ಊಟವಾದ ಮೇಲೆ ಅವರು ಮಲಗಿರಬಹುದು ಅನ್ನಿಸುತ್ತಿತ್ತು. ಬೇರೆಯವರ ಶೀಟಿಗೆ ಎರಡು ನಿಮಿಷದಲ್ಲಿ ರಿಜೆಕ್ಟೆಡ್ ಒತ್ತುವ ಕೈಗೆ ಒಂದು ಫೋನ್ ಎತ್ತಲಾಗಲಿಲ್ಲ. ಗೋಡೆಯ ಹಳೆಯ ಪ್ರತಿಯನ್ನು ಮಾತ್ರ ಹರಿದು ಹಾಕಿದೆ, ಅದೂ ಯಾರಾದರೂ ನೋಡಿಯಾರು ಎಂಬ ಅಂಜಿಕೆಗೆ.

ಅವಳು ಬಂದುಹೋದ ಐದನೇ ದಿನ ಸರಿಪಡಿಸುವ ಶೀಟು ಬಂತು. ರಂಧ್ರವನ್ನು ಉದ್ದ ಮಾಡಿ ಹೊಂದಿಸುವ ಹಾಗಿರಲಿಲ್ಲ, ಹೊಸದು ಕೊರೆದರೆ ಹಳೆಯದರ ಮೇಲೇ ಬೀಳುತ್ತಿತ್ತು. ಹಳೆಯ ತುದಿ ಪ್ಲೇಟು ಕಿತ್ತು, ಬೆಸುಗೆಯ ಜಾಗ ಉಜ್ಜಿ ನಯ ಮಾಡಿ, ನೂರಾ ಇಪ್ಪತ್ತು ಗೇಜಿನ ಹೊಸ ಪ್ಲೇಟು ಬೆಸೆದು, ಬೆಸುಗೆಯ ಪರೀಕ್ಷೆ ಮಾಡಿಸಬೇಕು. ಮೂವತ್ತೆರಡಕ್ಕೂ. ಅವಳು ಅದನ್ನು ಎಷ್ಟು ಚೊಕ್ಕವಾಗಿ ಬರೆದಿದ್ದಳೆಂದರೆ, ಕಂಬದ ಶೀಟಿನ ರಂಧ್ರಗಳನ್ನೂ ಪಕ್ಕದಲ್ಲೇ ತೋರಿಸಿ, ಎರಡೂ ತಾಳೆಯಾಗುವುದನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದಳು. ತಿದ್ದಿ ಬರೆಯಲು ನನಗೆ ಒಂದು ಗೆರೆಯೂ ಸಿಗಲಿಲ್ಲ. ಆದರೆ ಶೀಟಿನ ಮೂಲೆಯಲ್ಲಿ ಬದಲಾವಣೆಯ ಕಾರಣ ಬರೆಯುವ ಕಾಲಂ ಇರುತ್ತದೆ. ಅದರಲ್ಲಿ ಹೀಗಿತ್ತು: ಡ್ರಾಯಿಂಗ್ ಬರೆದವರ ತಪ್ಪಿನಿಂದಾದ ಗೇಜ್ ವ್ಯತ್ಯಾಸ ಸರಿಪಡಿಸಲಾಗಿದೆ. ಅದರ ಮುಂದೆ ಅವಳ ಸಹಿ.

ಯಜಮಾನರಿಗೆ ಫೋನ್ ಹಚ್ಚಿದೆ. ಮ್ಯಾನೇಜರ್ ಹಾಗೆ ಬರೆಯಲೇಬೇಕು ಎಂದರಂತೆ, ಇಲ್ಲದಿದ್ದರೆ ಶೀಟು ಮುಂದಕ್ಕೆ ಹೋಗುವುದಿಲ್ಲ ಎಂದರಂತೆ. ಇದೇ ಅವಳ ಕೈಯ ಕೊನೆಯ ಶೀಟು ಎಂದೂ ಹೇಳಿದರು. ನನಗೆ ತಡೆಯಲಾಗಲಿಲ್ಲ. ನೀವು ಅಷ್ಟು ವರ್ಷ ಉಕ್ಕಿನಲ್ಲಿ ಕೈಯಾಡಿಸಿದವರು, ಇದು ಹೊಂದುವುದಿಲ್ಲ ಎಂದು ನಿಮಗಾದರೂ ಗೊತ್ತಾಗಲಿಲ್ಲವೆ ಎಂದು ಕೇಳಿದೆ. ಆ ಹೊತ್ತಿನಲ್ಲೂ ದನಿಯಲ್ಲಿ ಗದರಿಕೆ ಇತ್ತು.

"ಗೊತ್ತಾಗಿತ್ರಿ ಸಾಹೇಬ್ರ. ಆ ಕೂಸು ಎರಡ ಸಲ ನನಗ ಹೇಳಿತ್ತು. ಆದ್ರ ನೀವು ಬರದೀರಿ, ಕೇಳಿದ್ದಕ್ಕ ಮತ್ತ ಅದ ಹೇಳೀರಿ. ಕಂಬಕ್ಕ ಬ್ಯಾರೆ ಏನರ ಹಿಕಮತ್ತು ಇಟ್ಟಿರಬೇಕು ಅಂದ್ಕೊಂಡೆ. ಮೂರನೇ ಸಲ ನಿಮಗ ಹೆಂಗ ಕೇಳೂದ್ರಿ?"

ಫೋನ್ ಇಟ್ಟ ಮೇಲೆ ಕೆಂಪು ಪೆನ್ನು ತೆಗೆದುಕೊಂಡು, ಆ ಕಾಲಂ ಸುತ್ತ ಗೆರೆ ಎಳೆದೆ. ಮೂರನೇ ಠಸ್ಸೆ ಒತ್ತಿದೆ, ರಿಜೆಕ್ಟೆಡ್. ಕಾರಣ ಬರೆದೆ: ಬದಲಾವಣೆಯ ಕಾರಣ ತಪ್ಪಾಗಿ ನಮೂದಾಗಿದೆ. ಡ್ರಾಯಿಂಗ್ ಬರೆದವರದು ಏನೂ ತಪ್ಪಿಲ್ಲ. ಪರಿಶೀಲಕನಾದ ನಾನು ಹಳೆಯ ಪ್ರತಿ ನೋಡಿ ನಾಲ್ಕನೇ ಟಿಪ್ಪಣಿ ಬರೆದದ್ದು, ಮತ್ತು ಅವರು ಕೇಳಿದಾಗ ಓದದೆ ಉತ್ತರಿಸಿದ್ದು, ಇವೇ ಕಾರಣ. ಅವಳ ಆ ಮೇಲ್ ಪ್ರಿಂಟನ್ನೂ ಅದರ ಜೊತೆ ಸೇರಿಸಿ ಮ್ಯಾನೇಜರಿಗೆ, ನಮ್ಮ ಕಚೇರಿಯ ಮುಖ್ಯಸ್ಥರಿಗೆ, ಯಜಮಾನರಿಗೆ, ಅವಳಿಗೆ, ಎಲ್ಲರಿಗೂ ಒಂದೇ ಸಲ ಕಳಿಸಿದೆ. ಆ ದಿನ ಊಟ ಚೆನ್ನಾಗಿ ಸೇರಿತು. ನನ್ನ ಜನ್ಮದಲ್ಲಿ ನಾನು ಬರೆದ ಅತ್ಯುತ್ತಮ ಟಿಪ್ಪಣಿ ಎಂದು ಮನಸ್ಸಿನಲ್ಲೇ ಬೆನ್ನು ಚಪ್ಪರಿಸಿಕೊಂಡೆ.

ಮಾರನೇ ದಿನ ಬೆಳಿಗ್ಗೆ ಅವಳ ಫೋನ್ ಬಂತು. ಉಪಕಾರ ಹೇಳಲು ಮಾಡಿದ್ದಾಳೆ ಎಂದುಕೊಂಡೆ. ಪರವಾಗಿಲ್ಲ ಬಿಡು ತಂಗಿ ಎನ್ನಲು ಬಾಯಿಯನ್ನೂ ಸಿದ್ಧ ಮಾಡಿಕೊಂಡೆ. ಅವಳು ಅಂಜುತ್ತಂಜುತ್ತ ಹೇಳಿದ್ದು ಬೇರೆಯೇ. ಶೀಟು ರಿಜೆಕ್ಟ್ ಆಗಿರುವುದರಿಂದ ಕಾಕಾ ಕೆಲಸ ನಿಲ್ಲಿಸಿದ್ದಾರೆ. ಪ್ಲೇಟು ಕತ್ತರಿಸುವ ಯಂತ್ರದ ಮೇಲೆ ಏರಿಸಿದ್ದನ್ನು ಇಳಿಸಿದ್ದಾರೆ. ಕ್ರೇನ್ ಇನ್ನು ಹತ್ತು ದಿನ ಮಾತ್ರ ಇರುತ್ತದೆ. ಅಳತೆಯಲ್ಲಿ ಏನಾದರೂ ತಪ್ಪಿದೆಯೆ?

ಇಲ್ಲ ಎಂದೆ. ಅಳತೆ ಎಲ್ಲಾ ಸರಿ ಇದೆ.

"ಹಂಗಿದ್ರ ಸರ್, ಇದನ್ನ ಎರಡನೇ ಠಸ್ಸೇದಾಗ ಬರೀಬಹುದಿತ್ತಲ್ರೀ" ಎಂದಳು.

ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. ಮೂವತ್ತು ವರ್ಷದ ಅನುಭವಸ್ಥ ನಾನು. ಒಂದು ಕಾಲಂನ ಮಾತು ತಿದ್ದಲು ಉಕ್ಕಿನ ಕೆಲಸ ನಿಲ್ಲಿಸಬೇಕಾಗಿರಲಿಲ್ಲ. ಅಪ್ರೂವ್ಡ್ ಆ್ಯಸ್ ನೋಟೆಡ್ ಒತ್ತಿ ಅದೇ ಮಾತು ಬರೆದಿದ್ದರೆ ಸತ್ಯವೂ ದಾಖಲಾಗುತ್ತಿತ್ತು, ಪ್ಲೇಟು ಕತ್ತರಿಸುವುದೂ ನಡೆಯುತ್ತಿತ್ತು. ಆದರೆ ತಪ್ಪೊಪ್ಪಿಕೊಳ್ಳುವಾಗಲೂ ನನಗೆ ದೊಡ್ಡ ಠಸ್ಸೆಯೇ ಬೇಕಾಗಿತ್ತು. ನನ್ನ ಪಶ್ಚಾತ್ತಾಪದ ಖರ್ಚಿಗೂ ಅವರ ದಿನವನ್ನೇ ಕೇಳಿದ್ದೆ. ತಪ್ಪಾಯಿತು ತಂಗಿ, ಮೊದಲಿನದೂ ತಪ್ಪು, ಇದೂ ತಪ್ಪು ಎಂದೆ.

"ತಪ್ಪು ಯಾರು ಮಾಡೂದಿಲ್ರಿ ಸರ್? ಆದ್ರ ನಾ ಕೇಳಿದ್ದೆ" ಎಂದಳು.

ಅದೇ ಗಳಿಗೆ ಹೊಸ ಪ್ರಿಂಟ್ ತೆಗೆದು ಎರಡನೇ ಠಸ್ಸೆ ಒತ್ತಿ ಕಳಿಸಿದೆ. ಮಧ್ಯಾಹ್ನ ಅಫಜಲಪುರದಲ್ಲಿ ಕೆಲಸ ಶುರುವಾಯಿತು. ನಮ್ಮ ಮುಖ್ಯಸ್ಥರು ಫೋನಿನಲ್ಲಿ ನನ್ನನ್ನು ಚೆನ್ನಾಗಿ ಝಾಡಿಸಿದರು, ಅದು ನನಗೆ ಬೇಕಾಗಿತ್ತು. ಮ್ಯಾನೇಜರ್ ತಮ್ಮ ಕಾಗದವನ್ನು ಒಂದು ಸಾಲಿನಲ್ಲಿ ವಾಪಸ್ ತೆಗೆದುಕೊಂಡರು, ಕ್ಷಮೆಯ ಮಾತು ಬರೆಯಲಿಲ್ಲ. ಹೊಸ ಪ್ಲೇಟಿನ ರಾಫ್ಟರುಗಳು ಬಂದು, ಬೋಲ್ಟುಗಳು ಕೈಯಿಂದಲೇ ಹೋಗಿ ಕೂತವು. ಆಳಂದದ ಗೋದಾಮಿನ ಕೆಲಸ ಅವಳಿಗೇ ಉಳಿಯಿತು. ಎಲ್ಲ ಸುಖವಾಗಿ ಮುಗಿಯಿತು ಎಂದು ನಾನು ನಂಬಿದೆ.

ಈ ವರ್ಷ ಆಳಂದದ ಗೋದಾಮಿನ ಶೀಟುಗಳು ಬರಲು ಶುರುವಾದವು. ಮೊದಲಿಗಿಂತಲೂ ಚೊಕ್ಕ. ಆದರೆ ಜೊತೆಗೆ ಪ್ರಶ್ನೆಯ ಹಾಳೆ ಇರಲಿಲ್ಲ. ಮೊದಲ ಸಲ ಮರೆತಿರಬಹುದು ಎಂದುಕೊಂಡೆ. ಎರಡನೇ ಸಲವೂ ಇರಲಿಲ್ಲ. ಮೂರನೇ ಸಲ ನಾನೇ ಮೇಲ್ ಬರೆದೆ, ಸಂಶಯ ಇದ್ದರೆ ದಯವಿಟ್ಟು ಕೇಳಿ, ಬೇಜಾರಿಲ್ಲ ಎಂದು. ಆಯಿತು ಸರ್ ಎಂದು ಉತ್ತರ ಬಂತು. ಪ್ರಶ್ನೆ ಬರಲಿಲ್ಲ.

ಹೋದ ತಿಂಗಳು ಒಂದು ಕಂಬದ ಬುಡದ ಶೀಟಿನ ಮೇಲೆ ಟಿಪ್ಪಣಿ ಬರೆದಿದ್ದೆ, ಬೆಸುಗೆ ಆರು ಮಿಲಿಮೀಟರ್ ಮಾಡಿ ಎಂದು. ಅವಳು ಬರೆದಿದ್ದು ಎಂಟು. ತಿದ್ದಿದ ಶೀಟು ಎರಡೇ ದಿನದಲ್ಲಿ ಬಂತು, ಆರು ಎಂದು ಅಚ್ಚುಕಟ್ಟಾಗಿ ತಿದ್ದಿದ್ದಳು. ಅದನ್ನು ವಿನ್ಯಾಸದ ಜೊತೆ ಮತ್ತೆ ಹೋಲಿಸಿದೆ. ವಿನ್ಯಾಸದಲ್ಲಿ ಎಂಟೇ ಇತ್ತು. ಪಕ್ಕದ ಬೇರೆ ಕಂಬದ ಆರನ್ನು ನೋಡಿ ನಾನು ಇದಕ್ಕೆ ಬರೆದುಬಿಟ್ಟಿದ್ದೆ. ಅಫಜಲಪುರದಲ್ಲಿ ಇನ್ನೂ ಬೆಸುಗೆ ಶುರುವಾಗಿರಲಿಲ್ಲ, ಫೋನ್ ಮಾಡಿ ನಿಲ್ಲಿಸಿದೆ. ಆಮೇಲೆ ಅವಳಿಗೆ ಫೋನ್ ಮಾಡಿದೆ. ವಿನ್ಯಾಸದಲ್ಲಿ ಎಂಟು ಇದೆಯಲ್ಲ ತಂಗಿ, ನೀನು ನೋಡಲಿಲ್ಲವೆ ಎಂದು ಕೇಳಿದೆ. ಈ ಸಲ ಗದರಲಿಲ್ಲ, ಬೇಡಿಕೊಳ್ಳುವಂತೆಯೇ ಕೇಳಿದೆ.

"ನೋಡಿದ್ದೆರಿ ಸರ್" ಎಂದಳು, ದನಿಯಲ್ಲಿ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. "ನೀವು ಆರು ಅಂತ ಬರದಿದ್ರಿ."